ಸ್ಕೋಪಿನೊಳಗಿನ ಗೆರೆ ಎಲ್ಲಿ ನಿಂತಿದೆ?

ಕಾಡಂಚಿನ ಪೊದೆಯ ಸಂದಿಯಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಉಕ್ಕಿನ ಹಲಗೆ ನಿಂತಿದೆ. ಇಲಿಯದೋ ಕಾಗೆಯದೋ ಆಕಾರದಲ್ಲಿ ಕತ್ತರಿಸಿದ ಹಲಗೆ. ನಡುವೆ ಒಂದು ದುಂಡನೆಯ ತೂತು, ತೂತಿನ ಹಿಂದೆ ಒಂದು ಪುಟ್ಟ ಪಟ್ಟಿ. ಏರ್ ರೈಫಲಿನ ಪೆಲೆಟ್ ತೂತಿನೊಳಗೆ ಹಾದು ಪಟ್ಟಿಗೆ ಬಡಿದರೆ ಹಲಗೆ ಮಗುಚಿ ಬೀಳುತ್ತದೆ, ಒಂದು ಅಂಕ. ತೂತಿನ ಅಂಚಿಗೋ ಹಲಗೆಗೋ ತಗುಲಿದರೆ ಟಣ್ ಎಂದು ಸದ್ದಾಗುತ್ತದೆ, ಹಲಗೆ ಅಲುಗುವುದಿಲ್ಲ. ಒಂದು ಗುರಿಗೆ ಒಂದೇ ಹೊಡೆತ.

ಇದು ಫೀಲ್ಡ್ ಟಾರ್ಗೆಟ್ ಎಂಬ ಆಟ. 1980ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಶುರುವಾಗಿ ಈಗ ಹಲವು ದೇಶಗಳಿಗೆ ಹಬ್ಬಿದೆ. ಗುರಿಗಳು ಏಳೆಂಟು ಮೀಟರಿನಿಂದ 50 ಮೀಟರಿನವರೆಗೆ ಎಲ್ಲಿ ಬೇಕಾದರೂ ಇರಬಹುದು, ಆದರೆ ದೂರ ಎಷ್ಟೆಂದು ಯಾರೂ ಹೇಳುವುದಿಲ್ಲ. ದೂರ ಅಳೆಯುವ ಲೇಸರ್ ಉಪಕರಣ ಬಳಸುವಂತಿಲ್ಲ. ಶೂಟರ್ ಹತ್ತಿರ ಇರುವುದು ರೈಫಲ್ ಮತ್ತು ಅದರ ಮೇಲಿನ ದೂರದರ್ಶಕ, ಅಂದರೆ ಸ್ಕೋಪ್, ಅಷ್ಟೇ. ಸ್ಕೋಪ್ ನಿಖರತೆಗೆ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಆಟ ಸಿಗುವುದು ಕಷ್ಟ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಸ್ಕೋಪ್ ಹಾಕಿದ ಮಾತ್ರಕ್ಕೆ ರೈಫಲ್ ಹೆಚ್ಚು ನಿಖರವಾಗುವುದಿಲ್ಲ. ಗುಂಡು ಎಷ್ಟು ಒತ್ತಾಗಿ ಬೀಳುತ್ತದೆ ಎಂಬುದನ್ನು ನಳಿಗೆ, ಗುಂಡು ಮತ್ತು ಹಿಡಿದ ಕೈ ತೀರ್ಮಾನಿಸುತ್ತವೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪಿಗೆ ಅವಕಾಶವೇ ಇಲ್ಲ. ಅಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಕಣ್ಣಿನ ಬಳಿ ಸಣ್ಣ ರಂಧ್ರವಿರುವ ಒಂದು ಬಿಲ್ಲೆ, ನಳಿಗೆಯ ತುದಿಯಲ್ಲಿ ಒಂದು ಉಂಗುರ, ಇವೆರಡರ ನೇರದಲ್ಲಿ ಗುರಿಯ ಕಪ್ಪು ಭಾಗವನ್ನು ಕೂರಿಸಿ ಹೊಡೆಯುತ್ತಾರೆ. ಆದರೆ ಅಲ್ಲಿ ದೂರ ಎಂದೂ ಬದಲಾಗುವುದಿಲ್ಲ, ಬೆಳಕು ಬದಲಾಗುವುದಿಲ್ಲ, ಗುರಿ ಕಪ್ಪು ಬಿಳುಪಾಗಿ ಎದುರಿಗೇ ಇರುತ್ತದೆ. ಕಾಡಂಚಿನಲ್ಲಿ ಈ ಮೂರೂ ಅನುಕೂಲಗಳಿಲ್ಲ.

ದೂರ ಗೊತ್ತಿಲ್ಲದಿದ್ದರೆ ಏನಾಗುತ್ತದೆ? ಇಂಗ್ಲೆಂಡಿನಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್ ರೈಫಲಿನ ಶಕ್ತಿಗೆ ಕಾನೂನು 12 ಫುಟ್-ಪೌಂಡ್, ಅಂದರೆ ಸುಮಾರು 16 ಜೂಲ್‌ಗಳ ಮಿತಿ ಹಾಕಿದೆ. ಆ ಶಕ್ತಿಯಲ್ಲಿ 4.5 ಮಿಲಿಮೀಟರ್ ಪೆಲೆಟ್ ಸೆಕೆಂಡಿಗೆ ಸುಮಾರು 240 ಮೀಟರ್ ವೇಗದಲ್ಲಿ ಹೊರಡುತ್ತದೆ, ಗಾಳಿಯ ತಡೆಗೆ ಬೇಗನೆ ನಿಧಾನವಾಗುತ್ತದೆ, ದಾರಿಯುದ್ದಕ್ಕೂ ಕೆಳಕ್ಕೆ ಬಾಗುತ್ತದೆ. 35 ಮೀಟರಿನಲ್ಲಿ ಗುರಿ ಸರಿಯಾಗುವಂತೆ ಸ್ಕೋಪನ್ನು ಹೊಂದಿಸಿದ್ದರೆ, 45 ಮೀಟರಿನಲ್ಲಿ ಪೆಲೆಟ್ ಸುಮಾರು 4.5 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. 50 ಮೀಟರಿನಲ್ಲಿ ಸುಮಾರು 8 ಸೆಂಟಿಮೀಟರ್ ಕೆಳಗೆ. ಕೊನೆಯ ಐದೇ ಮೀಟರಿನಲ್ಲಿ ಮೂರೂವರೆ ಸೆಂಟಿಮೀಟರ್ ವ್ಯತ್ಯಾಸ! ದೂರದ ಗುರಿಯ ತೂತಿನ ಅಗಲ 40 ಮಿಲಿಮೀಟರ್. ನಡುವಿನಿಂದ ಅಂಚಿಗೆ ಎರಡೇ ಸೆಂಟಿಮೀಟರ್. 50 ಮೀಟರಿನ ಗುರಿಯನ್ನು 45 ಎಂದು ತಿಳಿದವರು, ಎಷ್ಟೇ ಸ್ಥಿರವಾಗಿ ಹಿಡಿದಿದ್ದರೂ, ತೂತಿನ ಹೊರಗೆ ಹೊಡೆಯುತ್ತಾರೆ. ತೀರ ಹತ್ತಿರದಲ್ಲೂ ಸಮಸ್ಯೆ ತಪ್ಪಿದ್ದಲ್ಲ. ಸ್ಕೋಪ್ ನಳಿಗೆಗಿಂತ ಸುಮಾರು 5 ಸೆಂಟಿಮೀಟರ್ ಎತ್ತರದಲ್ಲಿರುವುದರಿಂದ 8 ಮೀಟರಿನಲ್ಲಿ ಪೆಲೆಟ್ ಇನ್ನೂ ಮೇಲೇರಿ ನೋಟದ ಗೆರೆಯನ್ನು ಮುಟ್ಟಿರುವುದಿಲ್ಲ. ಅಲ್ಲೂ ಒಂದೂವರೆ ಎರಡು ಸೆಂಟಿಮೀಟರ್ ಕೆಳಗೇ ಬೀಳುತ್ತದೆ.

ಇಲ್ಲಿ ನೆರವಿಗೆ ಬರುವುದು ಪ್ಯಾರಲಾಕ್ಸ್ ಗುಂಡಿ. ಅದು ಹೇಗೆ ನೆರವಾಗುತ್ತದೆ ಎನ್ನುವುದಕ್ಕೆ ಮುಂಚೆ ಪ್ಯಾರಲಾಕ್ಸ್ ಎಂದರೇನು ಎಂದು ನೋಡೋಣ. ಬಸ್ಸಿನಲ್ಲಿ ಚಾಲಕರ ಪಕ್ಕದ ಸೀಟಿನಿಂದ ವೇಗದ ಮೀಟರನ್ನು ನೋಡಿದರೆ ಮುಳ್ಳು 50ರ ಮೇಲಿದ್ದಂತೆ ಕಾಣಬಹುದು. ನೇರ ಎದುರಿಗೆ ಕುಳಿತ ಚಾಲಕರಿಗೆ ಅದೇ ಮುಳ್ಳು 55ರ ಮೇಲಿರುತ್ತದೆ. ಮುಳ್ಳು ಮತ್ತು ಅಂಕಿ ಒಂದೇ ಮಟ್ಟದಲ್ಲಿಲ್ಲ, ನಡುವೆ ಒಂದಿಷ್ಟು ಜಾಗವಿದೆ. ಅದಕ್ಕೇ ಕಣ್ಣು ಸರಿದಂತೆ ಓದು ಬದಲಾಗುತ್ತದೆ.

ಸ್ಕೋಪಿನೊಳಗೂ ಇದೇ ನಡೆಯುತ್ತದೆ. ಮುಂದಿನ ದೊಡ್ಡ ಮಸೂರ ಗುರಿಯ ಬಿಂಬವನ್ನು ಕೊಳವೆಯೊಳಗೆ ಒಂದು ಜಾಗದಲ್ಲಿ ಮೂಡಿಸುತ್ತದೆ. ಗುರಿಗೆರೆಗಳನ್ನು, ಅಂದರೆ ರೆಟಿಕಲನ್ನು, ಕೊಳವೆಯೊಳಗೆ ಒಂದು ಗೊತ್ತಾದ ಮಟ್ಟದಲ್ಲಿ ಕೂರಿಸಿರುತ್ತಾರೆ. ಗುರಿ ಹತ್ತಿರ ಬಂದರೆ ಬಿಂಬ ಹಿಂದಕ್ಕೆ, ದೂರ ಹೋದರೆ ಮುಂದಕ್ಕೆ ಸರಿಯುತ್ತದೆ. ಗೆರೆ ಮಾತ್ರ ಇದ್ದಲ್ಲೇ ಇರುತ್ತದೆ. ಬಿಂಬ ಮತ್ತು ಗೆರೆ ಒಂದೇ ಮಟ್ಟದಲ್ಲಿ ಕೂಡಿದರೆ ಕಣ್ಣು ಎತ್ತ ಸರಿದರೂ ಗೆರೆ ಗುರಿಗೆ ಅಂಟಿದಂತೆ ನಿಲ್ಲುತ್ತದೆ. ಕೂಡದಿದ್ದರೆ, ತಲೆ ಒಂದಿಷ್ಟು ಅಲುಗಿದರೆ ಸಾಕು, ರೈಫಲ್ ಕದಲದಿದ್ದರೂ ಗೆರೆ ಗುರಿಯ ಮೇಲೆ ತೇಲಿದಂತೆ ಕಾಣುತ್ತದೆ. ಶೂಟರ್ ಆ ತೇಲಿದ ಗೆರೆಯನ್ನು ನಂಬಿ ರೈಫಲನ್ನು ಸರಿಸುತ್ತಾರೆ. ಸರಿಯಿದ್ದ ಗುರಿ ಅಲ್ಲಿ ತಪ್ಪುತ್ತದೆ.

ಈ ತಪ್ಪು ಹೆಚ್ಚೆಂದರೆ ಎಷ್ಟಾಗಬಹುದು ಎಂಬುದಕ್ಕೆ ಸರಳ ಲೆಕ್ಕವಿದೆ. ಮುಂದಿನ ಮಸೂರದ ಅಗಲದ ಅರ್ಧವನ್ನು ತೆಗೆದುಕೊಳ್ಳಿ. ಗುರಿಯ ದೂರಕ್ಕೂ ಸ್ಕೋಪ್ ಹೊಂದಿಸಿದ ದೂರಕ್ಕೂ ಇರುವ ಅಂತರದಿಂದ ಅದನ್ನು ಗುಣಿಸಿ, ಹೊಂದಿಸಿದ ದೂರದಿಂದ ಭಾಗಿಸಿ. 40 ಮಿಲಿಮೀಟರ್ ಮಸೂರದ ಸ್ಕೋಪನ್ನು 100 ಮೀಟರಿಗೆ ಹೊಂದಿಸಿ 200 ಮೀಟರಿನ ಗುರಿ ನೋಡಿದರೆ ತಪ್ಪು ಹೆಚ್ಚೆಂದರೆ 20 ಮಿಲಿಮೀಟರ್. ಅಷ್ಟು ದೂರಕ್ಕೆ ಇದು ದೊಡ್ಡದಲ್ಲ. ದೊಡ್ಡ ಬೋರಿನ ಬೇಟೆ ರೈಫಲುಗಳ ಸ್ಕೋಪುಗಳಿಗೆ ಪ್ಯಾರಲಾಕ್ಸ್ ಗುಂಡಿಯನ್ನೇ ಇಡದೆ, ಕಾರ್ಖಾನೆಯಲ್ಲೇ 100 ಅಥವಾ 150 ಗಜಕ್ಕೆ ಹೊಂದಿಸಿ ಕಳಿಸುವುದು ಇದಕ್ಕೇ. ಅದೇ ಸ್ಕೋಪಿನಲ್ಲಿ 10 ಮೀಟರಿನ ಗುರಿ ನೋಡಿದರೆ ತಪ್ಪು 18 ಮಿಲಿಮೀಟರ್. ಹತ್ತು ಮೀಟರಿನಲ್ಲಿ ಹದಿನೆಂಟು ಮಿಲಿಮೀಟರ್ ಎಂದರೆ ಒಲಿಂಪಿಕ್ ಏರ್ ರೈಫಲ್ ಕಾಗದದ ಮೇಲೆ ಏಳು ಉಂಗುರದಷ್ಟು. ನಡುವೆ ಬೀಳಬೇಕಾದ ಪೆಲೆಟ್ ಮೂರರ ಉಂಗುರಕ್ಕೆ ಹೋಗುತ್ತದೆ. ಪ್ಯಾರಲಾಕ್ಸ್ ಬರೀ ದೂರದ ಗುರಿಯವರ ತಲೆನೋವು ಎಂಬ ನಂಬಿಕೆ ವ್ಯಾಪಕವಾಗಿದೆ. ನಿಜದಲ್ಲಿ ಅದು ಹೆಚ್ಚು ಕಾಡುವುದು ಹತ್ತಿರದಲ್ಲಿ.

ಇದು ಕಣ್ಣು ನೋಟದ ವೃತ್ತದ ತೀರ ಅಂಚಿಗೆ ಸರಿದಾಗಿನ ಲೆಕ್ಕ ಎಂಬುದನ್ನು ಮರೆಯಬಾರದು. ಕಣ್ಣು ನಡುವಿನಲ್ಲೇ ಇದ್ದರೆ ಪ್ಯಾರಲಾಕ್ಸ್ ಹೇಗೇ ಇದ್ದರೂ ತಪ್ಪು ಸೊನ್ನೆ. ಕೆನ್ನೆ ಪ್ರತಿ ಸಲ ಹಿಡಿಯ ಅದೇ ಜಾಗಕ್ಕೆ ಕೂರಬೇಕೆಂದು ತರಬೇತುದಾರರು ಹಟ ಹಿಡಿಯುವುದು ಈ ಕಾರಣಕ್ಕೆ.

ಗುಂಡಿಯ ಕೆಲಸ ಇಷ್ಟೇ: ಒಳಗಿನ ಒಂದು ಮಸೂರವನ್ನು ಹಿಂದೆ ಮುಂದೆ ಸರಿಸಿ, ಬಿಂಬವನ್ನು ಗೆರೆಯ ಮಟ್ಟಕ್ಕೆ ತರುವುದು. ಹಳೆಯ ಮಾದರಿಗಳಲ್ಲಿ ಮುಂದಿನ ಮಸೂರದ ಸುತ್ತಲ ಬಳೆಯನ್ನು ತಿರುಗಿಸಬೇಕು, ಹೊಸ ಮಾದರಿಗಳಲ್ಲಿ ಸ್ಕೋಪಿನ ಎಡಬದಿಯ ಗುಂಡಿಯನ್ನು. ಬಿಂಬ ಗೆರೆಯ ಮಟ್ಟಕ್ಕೆ ಬಂದಾಗ ಅದು ಕಣ್ಣಿಗೂ ಸ್ಪಷ್ಟವಾಗುತ್ತದೆ. ಫೀಲ್ಡ್ ಟಾರ್ಗೆಟ್ ಶೂಟರುಗಳು ಇದನ್ನೇ ತಿರುವು ಮುರುವಾಗಿ ಬಳಸಿಕೊಂಡರು. ಗುರಿ ಸ್ಪಷ್ಟವಾಗುವವರೆಗೆ ಗುಂಡಿ ತಿರುಗಿಸಿದರೆ, ಗುಂಡಿ ನಿಂತ ಜಾಗವೇ ದೂರವನ್ನು ಹೇಳುತ್ತದೆ! ಸಣ್ಣ ಗುಂಡಿಯಲ್ಲಿ 45 ಮತ್ತು 50 ಮೀಟರಿನ ಗುರುತುಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಅದಕ್ಕೆ ಅಂಗೈ ಅಗಲದ ಚಕ್ರ ಜೋಡಿಸುತ್ತಾರೆ. ಟೇಪಿನಲ್ಲಿ ಅಳೆದ ದೂರಗಳಲ್ಲಿ ಗುರಿ ನಿಲ್ಲಿಸಿ, ಒಂದೊಂದಕ್ಕೂ ಚಕ್ರದ ಅಂಚಿನಲ್ಲಿ ಕೈಯಾರೆ ಗುರುತು ಬರೆದುಕೊಳ್ಳುತ್ತಾರೆ. ಕಾರ್ಖಾನೆ ಕೊರೆದ ಅಂಕಿಗಳನ್ನು ಅನುಭವಿಗಳು ನಂಬುವುದಿಲ್ಲ, ಅವು ಅಂದಾಜಿನವು.

ಈ ಅಳತೆ ನಡೆಯಬೇಕಾದರೆ ವರ್ಧನೆ ಹೆಚ್ಚಿರಬೇಕು. ಹತ್ತು ಪಟ್ಟು ದೊಡ್ಡದಾಗಿಸಿದ ನೋಟದಲ್ಲಿ 40 ಮೀಟರಿನ ಗುರಿಯೂ 50 ಮೀಟರಿನ ಗುರಿಯೂ ಹೆಚ್ಚು ಕಡಿಮೆ ಒಂದೇ ರೀತಿ ಸ್ಪಷ್ಟವಾಗಿ ಕಾಣುತ್ತವೆ, ಗುಂಡಿ ಏನೂ ಹೇಳುವುದಿಲ್ಲ. ನಲವತ್ತು ಪಟ್ಟಿನಲ್ಲಿ ಸ್ಪಷ್ಟತೆಯ ವಲಯ ಕಿರಿದಾಗುತ್ತದೆ: 47 ಮೀಟರಿನ ಹುಲ್ಲುಗರಿ ನಿಚ್ಚಳ, 50ರದ್ದು ಮಸುಕು. ಹಾಗಾಗಿ ಈ ಆಟದ ಮುಂಚೂಣಿಯವರ ಸ್ಕೋಪುಗಳು 40, 50 ಪಟ್ಟಿನವು. ಬರೀ ಐವತ್ತು ಮೀಟರಿಗೆ ಐವತ್ತು ಪಟ್ಟು ಏಕೆ ಎಂದು ಹೊರಗಿನವರಿಗೆ ಅಚ್ಚರಿಯಾಗುತ್ತದೆ. ಅದು ಗುರಿಯನ್ನು ದೊಡ್ಡದಾಗಿ ಕಾಣಲು ಅಲ್ಲ, ದೂರ ಅಳೆಯಲು.

ಹೆಚ್ಚಿನ ವರ್ಧನೆಗೆ ತೆರಬೇಕಾದ ಬೆಲೆಯೂ ಇದೆ. ನೋಟದ ಹರಹು ಕುಗ್ಗುತ್ತದೆ, ಪೊದೆಯಲ್ಲಿ ಗುರಿಯನ್ನು ಹುಡುಕುವುದಕ್ಕೇ ಸಮಯ ಹಿಡಿಯುತ್ತದೆ. ಸ್ಕೋಪಿನಿಂದ ಕಣ್ಣಿಗೆ ಬರುವ ಬೆಳಕಿನ ಕಂಬ ತೆಳ್ಳಗಾಗುತ್ತದೆ. ಮಸೂರದ ಅಗಲವನ್ನು ವರ್ಧನೆಯಿಂದ ಭಾಗಿಸಿದರೆ ಆ ಕಂಬದ ಅಗಲ ಸಿಗುತ್ತದೆ: 40 ಮಿಲಿಮೀಟರ್ ಮಸೂರಕ್ಕೆ 10 ಪಟ್ಟಿನಲ್ಲಿ 4 ಮಿಲಿಮೀಟರ್, 40 ಪಟ್ಟಿನಲ್ಲಿ ಒಂದೇ ಮಿಲಿಮೀಟರ್. ಕಣ್ಣು ಸ್ವಲ್ಪ ಜರುಗಿದರೆ ನೋಟ ಕತ್ತಲೆಯಾಗುತ್ತದೆ. ಪ್ಯಾರಲಾಕ್ಸ್ ಸರಿಯಿಲ್ಲದಿದ್ದಾಗ ತಲೆಯ ಅದೇ ಸಣ್ಣ ಸರಿತ ಹೆಚ್ಚಿನ ವರ್ಧನೆಯಲ್ಲಿ ಹೆಚ್ಚು ತಪ್ಪು ತರುತ್ತದೆ. 100 ಮೀಟರಿಗೆ ಹೊಂದಿಸಿ 200 ಮೀಟರಿನ ಗುರಿ ನೋಡುವ ಮೇಲಿನ ಉದಾಹರಣೆಯಲ್ಲೇ, ಕಣ್ಣು ನಡುವಿನಿಂದ ಒಂದು ಮಿಲಿಮೀಟರ್ ಸರಿದರೆ ನಾಲ್ಕು ಪಟ್ಟಿನ ಸ್ಕೋಪಿನಲ್ಲಿ ಗುರಿ 4 ಮಿಲಿಮೀಟರ್ ತಪ್ಪುತ್ತದೆ, ಹತ್ತು ಪಟ್ಟಿನದರಲ್ಲಿ 10.

ಇದಕ್ಕಿಂತ ದೊಡ್ಡ ತೊಂದರೆ ಮನಸ್ಸಿನದು. ರೈಫಲ್ ಹಿಡಿದ ಮೈ ಎಂದೂ ಕದಲದೆ ಇರುವುದಿಲ್ಲ. ಉಸಿರು, ಎದೆಬಡಿತ ಎಲ್ಲವೂ ಗೆರೆಯಲ್ಲಿ ಕಾಣುತ್ತವೆ. ನಾಲ್ಕು ಪಟ್ಟಿನಲ್ಲಿ ಕಾಣದಿದ್ದ ಆ ನಡುಕ ನಲವತ್ತರಲ್ಲಿ ಭೂಕಂಪದಂತೆ ಕಾಣುತ್ತದೆ. ನಡುಕ ಹೆಚ್ಚಿಲ್ಲ, ಕಾಣುವುದು ಹೆಚ್ಚಿದೆ. ಆದರೂ ಹೊಸಬರು ಗಾಬರಿಯಾಗಿ, ಗೆರೆ ತೂತಿನ ಮೇಲೆ ಹಾದುಹೋಗುವ ಕ್ಷಣಕ್ಕೆ ಕಾದು, ಬಂತು ಎಂದೊಡನೆ ಟ್ರಿಗರನ್ನು ಸೆಳೆದುಬಿಡುತ್ತಾರೆ. ಆ ಸೆಳೆತಕ್ಕೆ ರೈಫಲ್ ಅಲುಗುತ್ತದೆ. ಕಲಿಯುವವರಿಗೆ ಕಡಿಮೆ ವರ್ಧನೆ ಇಡಲು ಹೇಳುವುದು ಇದರಿಂದಲೇ, ಮತ್ತು ಅದು ಒಳ್ಳೆಯ ಸಲಹೆ. ಬಿಸಿಲೇರಿದ ದಿನ ನೆಲದಿಂದ ಏಳುವ ಬಿಸಿಗಾಳಿಯೂ ಹೆಚ್ಚಿನ ವರ್ಧನೆಯಲ್ಲಿ ಗುರಿಯನ್ನು ಕುದಿಯುವ ನೀರಿನೊಳಗಿಟ್ಟಂತೆ ತೋರಿಸುತ್ತದೆ.

ದೂರ ತಿಳಿಯಿತು, ಇನ್ನು ಅದನ್ನು ಗುರಿಯ ಎತ್ತರಕ್ಕೆ ಬದಲಾಯಿಸಬೇಕು. ಸ್ಕೋಪಿನ ಮೇಲಿನ ಗುಂಡಿಯನ್ನು ಲೆಕ್ಕದಷ್ಟು ಕ್ಲಿಕ್ ತಿರುಗಿಸಿ ನಡುಗೆರೆಯನ್ನೇ ತೂತಿಗೆ ಇಡುವುದು ಒಂದು ದಾರಿ. ಇನ್ನೊಂದು ದಾರಿಯಲ್ಲಿ ರೆಟಿಕಲ್ ಮುಖ್ಯವಾಗುತ್ತದೆ. ಬೇಟೆ ಸ್ಕೋಪುಗಳಲ್ಲಿ ಸಾಮಾನ್ಯವಾಗಿರುವ ಡ್ಯೂಪ್ಲೆಕ್ಸ್ ರೆಟಿಕಲಿನಲ್ಲಿ ನಾಲ್ಕು ದಪ್ಪ ಪಟ್ಟಿಗಳು ನಡುವಿನ ಸಣ್ಣ ಕೂಡುಗೆರೆಯತ್ತ ಕಣ್ಣನ್ನು ಒಯ್ಯುತ್ತವೆ. ಮಬ್ಬು ಬೆಳಕಿನಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಎಷ್ಟು ಕೆಳಗೆ ಎಷ್ಟು ಮೇಲೆ ಎಂದು ಹೇಳಲು ಅದರಲ್ಲಿ ಗುರುತುಗಳಿಲ್ಲ. ಮಿಲ್-ಡಾಟ್ ರೆಟಿಕಲಿನ ಗೆರೆಗಳ ಮೇಲೆ ಸಮ ಅಂತರದಲ್ಲಿ ಚುಕ್ಕೆಗಳಿರುತ್ತವೆ. ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಒಂದು ಮಿಲ್. ಅಂದರೆ 100 ಮೀಟರಿನಲ್ಲಿ 10 ಸೆಂಟಿಮೀಟರ್, 45 ಮೀಟರಿನಲ್ಲಿ 4.5 ಸೆಂಟಿಮೀಟರ್. ಮೇಲೆ ಹೇಳಿದ ಪೆಲೆಟ್ 45 ಮೀಟರಿನಲ್ಲಿ ಬೀಳುವುದೂ ಅಷ್ಟೇ. ಹಾಗಾಗಿ ನಡುಗೆರೆಯ ಬದಲು ಅದರ ಕೆಳಗಿನ ಮೊದಲ ಚುಕ್ಕೆಯನ್ನು ತೂತಿಗೆ ಇಟ್ಟರೆ ಕೆಲಸವಾಯಿತು.

ಆದರೆ ಒಂದು ಷರತ್ತಿದೆ, ಇಲ್ಲೇ ಬಹಳ ಜನ ಎಡವುತ್ತಾರೆ. ವರ್ಧನೆ ಬದಲಾಯಿಸಬಲ್ಲ ಸ್ಕೋಪುಗಳಲ್ಲಿ ರೆಟಿಕಲ್ ಕೂರುವ ಜಾಗಗಳು ಎರಡು. ವರ್ಧನೆಯ ಮಸೂರಗಳ ಮುಂದಿದ್ದರೆ, ಅಂದರೆ ಮೊದಲ ಫೋಕಲ್ ಪ್ಲೇನಿನಲ್ಲಿದ್ದರೆ, ಗುರಿ ದೊಡ್ಡದಾದಂತೆ ಗೆರೆಯೂ ಚುಕ್ಕೆಯೂ ದೊಡ್ಡದಾಗುತ್ತವೆ. ಎಷ್ಟು ಪಟ್ಟಿನಲ್ಲಿ ನೋಡಿದರೂ ಒಂದು ಮಿಲ್ ಒಂದೇ ಮಿಲ್. ಹಿಂದಿದ್ದರೆ, ಅಂದರೆ ಎರಡನೇ ಫೋಕಲ್ ಪ್ಲೇನಿನಲ್ಲಿದ್ದರೆ, ಗುರಿ ಮಾತ್ರ ದೊಡ್ಡ ಚಿಕ್ಕದಾಗುತ್ತದೆ, ಗೆರೆ ಹಾಗೇ ಇರುತ್ತದೆ. ಅಂಥ ಸ್ಕೋಪಿನ ಚುಕ್ಕೆಗಳ ಅಳತೆ ಯಾವುದೋ ಒಂದು ವರ್ಧನೆಯಲ್ಲಿ ಮಾತ್ರ ಸರಿ. ಹತ್ತು ಪಟ್ಟಿಗೆ ಅಳತೆ ಮಾಡಿದ ಮಿಲ್-ಡಾಟನ್ನು ಐದು ಪಟ್ಟಿನಲ್ಲಿ ಬಳಸಿದರೆ ಒಂದು ಚುಕ್ಕೆಯ ಅಂತರ ಎರಡು ಮಿಲ್ ಆಗಿಬಿಡುತ್ತದೆ. 45 ಮೀಟರಿನಲ್ಲಿ ಅದು 9 ಸೆಂಟಿಮೀಟರ್. ಪೆಲೆಟ್ ತೂತಿನ ನಡುವಿನಿಂದ 4.5 ಸೆಂಟಿಮೀಟರ್ ಮೇಲೆ ಹೋಗಿ ಬಡಿಯುತ್ತದೆ. ರೈಫಲಿನಲ್ಲಿ ದೋಷವಿಲ್ಲ, ಕೈಯಲ್ಲಿ ದೋಷವಿಲ್ಲ, ವರ್ಧನೆಯ ಬಳೆ ತಪ್ಪು ಅಂಕಿಯ ಮೇಲಿತ್ತು ಅಷ್ಟೇ.

ಹಾಗೆಂದು ಮೊದಲ ಪ್ಲೇನಿನ ರೆಟಿಕಲೇ ಉತ್ತಮ ಎಂದು ಹೇಳಲಾಗದು. ನಾಲ್ಕು ಪಟ್ಟಿನಲ್ಲಿ ಅದರ ಗೆರೆ ಕೂದಲಿಗಿಂತ ತೆಳ್ಳಗಾಗಿ ಪೊದೆಯ ಕತ್ತಲೆಯಲ್ಲಿ ಕಾಣದೆ ಹೋಗಬಹುದು, ಅತಿ ಹೆಚ್ಚಿನ ವರ್ಧನೆಯಲ್ಲಿ ದಪ್ಪಗಾಗಿ ಗುರಿಯನ್ನೇ ಮುಚ್ಚಬಹುದು. ಎರಡನೇ ಪ್ಲೇನಿನಲ್ಲಿ ಹತ್ತು ಪಟ್ಟಿಗೆ 0.1 ಮಿಲ್ ದಪ್ಪ ಕಾಣುವ ಗೆರೆ 40 ಮೀಟರಿನಲ್ಲಿ 4 ಮಿಲಿಮೀಟರಿನಷ್ಟು ಗುರಿಯನ್ನು ಮುಚ್ಚುತ್ತದೆ, ಹೆಚ್ಚು ಕಡಿಮೆ ಪೆಲೆಟಿನಷ್ಟೇ. ನಲವತ್ತು ಪಟ್ಟಿನಲ್ಲಿ ಮುಚ್ಚುವುದು ಒಂದೇ ಮಿಲಿಮೀಟರ್. ವರ್ಧನೆಯನ್ನು ಒಂದೇ ಅಂಕಿಯಲ್ಲಿಟ್ಟು ಸಣ್ಣ ಗುರಿಗೆ ಹೊಡೆಯುವವರಿಗೆ ಎರಡನೇ ಪ್ಲೇನ್ ಸಾಕು. ಇತ್ತೀಚೆಗೆ ನಡುಗೆರೆಯ ಕೆಳಗೆ ಪಿರಮಿಡ್ಡಿನಂತೆ ಹರಡಿದ ನೂರಾರು ಚುಕ್ಕೆಗಳ ರೆಟಿಕಲುಗಳು ಬಂದಿವೆ. ಗಾಳಿ ಮತ್ತು ದೂರ ಎರಡನ್ನೂ ಲೆಕ್ಕ ಹಾಕುವ ದೂರಗಾಮಿ ಶೂಟರಿಗೆ ಅವು ಬೇಕು. ಪೊದೆಯೊಳಗಿನ ಪುಟ್ಟ ತೂತಿಗೆ ಹೊಡೆಯುವವರಿಗೆ ಅವು ಬರೀ ಅಡ್ಡಿ.

ಮೂರೂ ಅಂಶಗಳು ಒಂದನ್ನೊಂದು ಹೇಗೆ ಎಳೆಯುತ್ತವೆ ಎಂಬುದನ್ನು ನೋಡಬೇಕಾದರೆ ಇದೇ ಆಟದ ತಮ್ಮನಾದ ಹಂಟರ್ ಫೀಲ್ಡ್ ಟಾರ್ಗೆಟ್‌ಗೆ ಬರಬೇಕು. ಅಲ್ಲಿ ಗುರಿಗಳು 8 ಗಜದಿಂದ 45 ಗಜದವರೆಗೆ. ನಿಯಮ ಕಟ್ಟುನಿಟ್ಟಿನದು: ಸ್ಪರ್ಧೆ ಶುರುವಾದ ಮೇಲೆ ಸ್ಕೋಪಿನ ಯಾವ ಗುಂಡಿಯನ್ನೂ ಮುಟ್ಟುವಂತಿಲ್ಲ. ವರ್ಧನೆ, ಪ್ಯಾರಲಾಕ್ಸ್ ಎಲ್ಲವೂ ಬೆಳಿಗ್ಗೆ ಇಟ್ಟಲ್ಲೇ ಸಂಜೆಯವರೆಗೆ. ಹೀಗಾದಾಗ ಐವತ್ತು ಪಟ್ಟಿನ ಸ್ಕೋಪ್ ನಿರುಪಯೋಗಿ. ಅದರಲ್ಲಿ ಒಂದು ದೂರ ಬಿಟ್ಟು ಉಳಿದದ್ದೆಲ್ಲ ಮಸುಕು. ಆದ್ದರಿಂದ ಹತ್ತು ಪಟ್ಟು ಅಥವಾ ಅದಕ್ಕೂ ಕಡಿಮೆ ಇಡುತ್ತಾರೆ. ಪ್ಯಾರಲಾಕ್ಸನ್ನು ಯಾವ ದೂರಕ್ಕೆ ಇಡುವುದು? 32 ಮಿಲಿಮೀಟರ್ ಮಸೂರವನ್ನು 15 ಗಜಕ್ಕೆ ಹೊಂದಿಸಿದರೆ 45 ಗಜದಲ್ಲಿ ತಪ್ಪು 32 ಮಿಲಿಮೀಟರಿನವರೆಗೆ ಹೋಗಬಹುದು, ಅಂದರೆ ತೂತಿನ ಆಚೆಗೆ. 25 ಗಜಕ್ಕೆ ಇಟ್ಟರೆ 45 ಗಜದಲ್ಲಿ 13 ಮಿಲಿಮೀಟರ್, 8 ಗಜದಲ್ಲಿ 11, ಎರಡು ತುದಿಗಳ ನೋಟವೂ ಸಹಿಸುವಷ್ಟು ಸ್ಪಷ್ಟ. ಬಹಳ ಮಂದಿ ಅದರ ಆಸುಪಾಸಿನಲ್ಲೇ ಇಡುವುದಕ್ಕೆ ಕಾರಣ ಇದು. ಅದೇ 25 ಗಜಕ್ಕೆ 50 ಮಿಲಿಮೀಟರ್ ಮಸೂರ ಇಟ್ಟರೆ 8 ಗಜದಲ್ಲಿ ತಪ್ಪು 17 ಮಿಲಿಮೀಟರ್. ಹತ್ತಿರದ ಕೆಲವು ಗುರಿಗಳ ತೂತಿನ ಅಗಲವೇ 15 ಮಿಲಿಮೀಟರ್ ಇರುವಲ್ಲಿ ದೊಡ್ಡ ಮಸೂರ ಲಾಭವಲ್ಲ, ನಷ್ಟ. ಉಳಿದ ತಪ್ಪನ್ನು ಕೆನ್ನೆ ಮತ್ತು ಕಣ್ಣು ತಿದ್ದಬೇಕು. ನೋಟದ ವೃತ್ತದ ಸುತ್ತಲಿನ ಕಪ್ಪು ಅಂಚು ಎಲ್ಲ ಕಡೆ ಸಮನಾಗಿದೆಯೇ ಎಂದು ಪ್ರತಿ ಹೊಡೆತಕ್ಕೂ ನೋಡಿಕೊಳ್ಳುತ್ತಾರೆ. ದೂರವನ್ನು ಕಣ್ಣಂದಾಜಿನಲ್ಲಿ ಮತ್ತು ರೆಟಿಕಲಿನ ಚುಕ್ಕೆಗಳ ನಡುವೆ ತೂತು ಎಷ್ಟು ತುಂಬುತ್ತದೆ ಎಂಬುದರಿಂದ ಊಹಿಸುತ್ತಾರೆ.

ಸ್ಕೋಪ್ ಹೊಂದಿಸುವುದಕ್ಕೆ ಒಂದು ಕ್ರಮವಿದೆ, ಅದು ತಲೆಕೆಳಗಾದರೆ ಮೇಲಿನ ಲೆಕ್ಕಗಳೆಲ್ಲ ವ್ಯರ್ಥ. ರೈಫಲಿನಲ್ಲಿ ಗುಂಡಿಲ್ಲವೆಂದು ಖಚಿತಪಡಿಸಿಕೊಂಡು, ಸುರಕ್ಷಿತ ದಿಕ್ಕಿಗೆ ತಿರುಗಿಸಿ, ಮೊದಲು ಕಣ್ಣಿನ ಬಳಿಯ ಮಸೂರವನ್ನು ಸರಿಪಡಿಸಬೇಕು. ಬಿಳಿ ಗೋಡೆಯನ್ನೋ ಸೂರ್ಯನಿಲ್ಲದ ಕಡೆಯ ಬರಿ ಆಕಾಶವನ್ನೋ ನೋಡುತ್ತ, ರೆಟಿಕಲಿನ ಗೆರೆ ಕಪ್ಪಗೆ ಚೂಪಾಗಿ ಕಾಣುವವರೆಗೆ ತಿರುಗಿಸಬೇಕು. ಒಂದೆರಡು ಸೆಕೆಂಡಿಗಿಂತ ಹೆಚ್ಚು ನೋಡಬಾರದು. ಕಣ್ಣು ತಾನಾಗಿಯೇ ಹೊಂದಿಕೊಂಡು, ಮಸುಕಾದ ಗೆರೆಯನ್ನೂ ಚೂಪೆಂದು ತೋರಿಸಿಬಿಡುತ್ತದೆ. ಇದು ಒಮ್ಮೆ ಸರಿಯಾದರೆ ಮತ್ತೆ ಮುಟ್ಟಬೇಕಿಲ್ಲ. ಆನಂತರ ರೈಫಲನ್ನು ಮರಳುಚೀಲಗಳ ಮೇಲೆ ಅಲುಗದಂತೆ ಕೂರಿಸಿ, ಗುರಿ ನೋಡುತ್ತ ಪ್ಯಾರಲಾಕ್ಸ್ ಗುಂಡಿ ತಿರುಗಿಸಬೇಕು. ಗುರಿ ಸ್ಪಷ್ಟವಾಯಿತೆಂದು ಅಲ್ಲಿಗೇ ನಿಲ್ಲಬಾರದು. ಕೆನ್ನೆಯನ್ನು ರೈಫಲಿಗೆ ತಾಗಿಸದೆ, ತಲೆಯನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಒಂದಿಷ್ಟು ಸರಿಸಿ ನೋಡಬೇಕು. ಗೆರೆ ಗುರಿಯ ಮೇಲೆ ತೇಲಿದರೆ ಇನ್ನೂ ಸರಿಯಾಗಿಲ್ಲ, ನಿಂತಲ್ಲೇ ನಿಂತರೆ ಸರಿಯಾಯಿತು. ಪ್ಯಾರಲಾಕ್ಸ್ ಗುಂಡಿಯನ್ನು ಫೋಕಸ್ ಗುಂಡಿ ಎಂದೇ ತಿಳಿದವರು ಈ ಕೊನೆಯ ಪರೀಕ್ಷೆಯನ್ನು ಬಿಟ್ಟುಬಿಡುತ್ತಾರೆ. ಕಣ್ಣಿನ ಬಳಿಯ ಮಸೂರ ಸರಿಯಿಲ್ಲದಿದ್ದರೆ, ಗುರಿ ಚೆನ್ನಾಗಿ ಕಾಣುವ ಜಾಗವೂ ಗೆರೆ ನಿಲ್ಲುವ ಜಾಗವೂ ಬೇರೆಬೇರೆಯಾಗಿರುತ್ತವೆ. ಆಗ ನಂಬಬೇಕಾದುದು ನಿಂತ ಗೆರೆಯನ್ನು.

ಬಿಸಿಲೂ ಈ ಲೆಕ್ಕವನ್ನು ಕೆಡಿಸುತ್ತದೆ. ಸ್ಕೋಪ್ ಕಾದಾಗ ಅದರ ಲೋಹ ಮತ್ತು ಗಾಜು ಹಿಗ್ಗಿ, ಬೆಳಗಿನ ತಂಪಿನಲ್ಲಿ 45 ಮೀಟರ್ ಎಂದು ಬರೆದ ಗುರುತು ಮಧ್ಯಾಹ್ನ ಬೇರೆಯದೇ ದೂರಕ್ಕೆ ಸ್ಪಷ್ಟವಾಗುತ್ತದೆ. ಫೀಲ್ಡ್ ಟಾರ್ಗೆಟ್ ಶೂಟರುಗಳು ಸರದಿಗೆ ಕಾಯುವಾಗ ಸ್ಕೋಪಿನ ಮೇಲೆ ಬಟ್ಟೆ ಹೊದಿಸುವುದು, ತಂಪು ದಿನಕ್ಕೂ ಬಿಸಿ ದಿನಕ್ಕೂ ಬೇರೆ ಗುರುತಿನ ಪಟ್ಟಿ ಇಟ್ಟುಕೊಳ್ಳುವುದು ಇದಕ್ಕಾಗಿ. ನಮ್ಮ ಬೇಸಿಗೆಯಲ್ಲಿ ಅಭ್ಯಾಸ ಮಾಡುವವರು ಇದನ್ನು ಇನ್ನೂ ಹೆಚ್ಚು ಗಮನದಲ್ಲಿಡಬೇಕು.

ಏರ್ ರೈಫಲಿಗೆ ಸ್ಕೋಪ್ ಕೊಳ್ಳುವವರು ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗಳಾದ ವರ್ಧನೆ ಮತ್ತು ಮಸೂರದ ಅಗಲವನ್ನು ನೋಡುವುದಕ್ಕೆ ಮೊದಲು ಅದರ ಪ್ಯಾರಲಾಕ್ಸ್ ಎಷ್ಟು ಹತ್ತಿರಕ್ಕೆ ಬರುತ್ತದೆ ಎಂದು ಕೇಳಿ. ಗುಂಡಿ ಇಲ್ಲದ್ದಾದರೆ ಯಾವ ದೂರಕ್ಕೆ ಹೊಂದಿಸಿದ್ದು ಎಂದು ಕೇಳಿ. 100 ಗಜ ಎಂದರೆ ಅದು ಏರ್ ರೈಫಲಿಗಲ್ಲ, ದೊಡ್ಡ ಬೋರಿನ ರೈಫಲಿಗೆ ಮಾಡಿದ್ದು. ಮಿಲ್-ಡಾಟ್ ಇದ್ದರೆ ಅದರ ಅಳತೆ ಯಾವ ವರ್ಧನೆಗೆ ಸರಿ ಎಂದು ಕೈಪಿಡಿಯಲ್ಲಿ ನೋಡಿ, ವರ್ಧನೆಯ ಬಳೆಯ ಆ ಅಂಕಿಯ ಪಕ್ಕದಲ್ಲಿ ಬಣ್ಣದ ಒಂದು ಚುಕ್ಕೆ ಇಟ್ಟುಕೊಳ್ಳಿ.